ಫ್ಯಾನ್ ತಿರುಗಿದರೆ ಬಿಸಿ ಏರುವುದೇಕೆ?

ರಾಮನಗರದ ಕಡೆ ನನ್ನ ಅಕ್ಕನ ಮನೆಯವರು ರೇಷ್ಮೆ ಸಾಕುತ್ತಾರೆ. ಚಾಕಿ ಹುಳುವಿಗೆ 27–28 ಡಿಗ್ರಿ ಬಿಸಿ ಬೇಕು. ಅದಕ್ಕೆಂದು ಅಕ್ಕನ ಮಗ ಒಂದು ಪೆಟ್ಟಿಗೆ ಮಾಡಿದ್ದ. ಒಳಗೆ ಎಲ್‌ಎಂ35 ಸೆನ್ಸರ್, ಹೊರಗೆ ಆರ್ಡುಯಿನೊ ಉನೊ ಬೋರ್ಡು, ಪಕ್ಕದಲ್ಲಿ ಒಂದು ಪುಟ್ಟ ಫ್ಯಾನ್. ಎಲ್ಲಕ್ಕೂ ಒಂದೇ ಮೊಬೈಲ್ ಚಾರ್ಜರ್. ಬಿಸಿ 27.5 ದಾಟಿದರೆ ಫ್ಯಾನ್ ಶುರು, 27ಕ್ಕಿಂತ ಇಳಿದರೆ ಬಂದ್.

"ಮಾಮ, ಫ್ಯಾನ್ ತಿರುಗಿದ ತಕ್ಷಣ ಬಿಸಿ ಎರಡು ಡಿಗ್ರಿ ಏರ್ತದೆ, ಆಮೇಲೆ ನಿಲ್ಲೋದೇ ಇಲ್ಲ" ಅಂದ. ಹೋಗಿ ನೋಡಿದೆ. ಗಾಜಿನ ಥರ್ಮಾಮೀಟರು ಅಲುಗದೆ 28 ತೋರಿಸುತ್ತಿತ್ತು. ಇವನ ಪರದೆಯಲ್ಲಿ ಮಾತ್ರ 27.8 ಇದ್ದದ್ದು 29.8ಕ್ಕೆ ಜಿಗಿಯಿತು.

ಎಲ್‌ಎಂ35 ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 28 ಡಿಗ್ರಿ ಎಂದರೆ 280. ಮಲ್ಟಿಮೀಟರು ಹಿಡಿದರೆ ಫ್ಯಾನ್ ತಿರುಗಲಿ, ನಿಲ್ಲಲಿ, ಅದೇ 280. ಹಾಗಾದರೆ ಸೆನ್ಸರು ಸುಳ್ಳು ಹೇಳುತ್ತಿಲ್ಲ. ಅದರ ಮಾತನ್ನು ಅಂಕಿಯಾಗಿಸುವವನು ತಪ್ಪುತ್ತಿದ್ದಾನೆ.

ಆ ಕೆಲಸದವನು ಚಿಪ್ಪಿನೊಳಗಿನ ಎಡಿಸಿ. ಅವನು ತೂಗುವುದು ಹಳೆಯ ಅಂಗಡಿಯವನ ತಕ್ಕಡಿಯ ಹಾಗೆ. ಒಂದು ತಟ್ಟೆಯಲ್ಲಿ ಸೆನ್ಸರಿನ ವೋಲ್ಟೇಜು. ತೂಗುವಾಗ ಅದು ಅಲುಗಾಡಬಾರದೆಂದು ಮೊದಲೇ ಒಂದು ಕೆಪಾಸಿಟರಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾನೆ. ಇನ್ನೊಂದು ತಟ್ಟೆಗೆ ಅರ್ಧ, ಕಾಲು, ಅರೆಕಾಲು ಹೀಗೆ ಇಳಿಯುವ ಹತ್ತು ಕಲ್ಲುಗಳು. ಮುಳ್ಳು ಹೇಳುವುದು ಒಂದೇ ಮಾತು: ಹೆಚ್ಚಾಯಿತೋ, ಇಲ್ಲವೋ. ಹೆಚ್ಚಾದರೆ ಕಲ್ಲು ತೆಗೆ, ಇಲ್ಲದಿದ್ದರೆ ಇರಲಿ. ಹತ್ತು ಸಲ ನೋಡಿದರೆ 0ಯಿಂದ 1023ರೊಳಗೆ ಒಂದು ಅಂಕಿ ಸಿಕ್ಕಿತು. ಇದನ್ನೇ ಹತ್ತು ಬಿಟ್ ಎನ್ನುವುದು. ಉನೊ ಬೋರ್ಡಿನಲ್ಲಿ ಇಷ್ಟೂ ಮುಗಿಯಲು ಸುಮಾರು 104 ಮೈಕ್ರೋಸೆಕೆಂಡು ಸಾಕು.

ಯಾವುದರ ಅರ್ಧ, ಯಾವುದರ ಕಾಲು? ಅಲ್ಲೇ ಇದೆ ಗುಟ್ಟು. ಅದು ರೆಫರೆನ್ಸ್ ವೋಲ್ಟೇಜಿನ ಅರ್ಧ. ಬೇರೆ ಹೇಳದಿದ್ದರೆ ಉನೊ ತನಗೆ ಸಿಗುವ 5 ವೋಲ್ಟನ್ನೇ ರೆಫರೆನ್ಸ್ ಮಾಡಿಕೊಳ್ಳುತ್ತದೆ. ಮೋಟರು ಎಳೆದಾಗ ನಮ್ಮ ಚಾರ್ಜರಿನ 5 ವೋಲ್ಟು 4.7ಕ್ಕೆ ಕುಸಿಯುತ್ತಿತ್ತು. ಅಷ್ಟೂ ಕಲ್ಲುಗಳು ಒಟ್ಟಿಗೆ ಹಗುರವಾದವು. ಅದೇ 280 ತೂಗಲು ಹೆಚ್ಚು ಕಲ್ಲು ಬೇಕಾಗಿ, 57 ಬರಬೇಕಾದಲ್ಲಿ 61 ಬಂತು. ಪ್ರೋಗ್ರಾಮು ಇನ್ನೂ 5 ವೋಲ್ಟೆಂದೇ ನಂಬಿ ಗುಣಿಸಿ 29.8 ಎಂದಿತು. ಫ್ಯಾನ್ ನಿಲ್ಲಬೇಕಾದರೆ ಪೆಟ್ಟಿಗೆ ನಿಜವಾಗಿ 25.7ರ ಹತ್ತಿರಕ್ಕೆ ತಣಿಯಬೇಕಿತ್ತು.

ಚಾರ್ಜರು ಗಟ್ಟಿಯಿದ್ದರೂ ಇನ್ನೊಂದು ಕೊರತೆ ಉಳಿಯುತ್ತಿತ್ತು. 5 ವೋಲ್ಟನ್ನು 1024 ಪಾಲು ಮಾಡಿದರೆ ಒಂದು ಪಾಲು 4.9 ಮಿಲಿವೋಲ್ಟ್, ಅಂದರೆ ಅರ್ಧ ಡಿಗ್ರಿ. ನಮ್ಮ ಪೆಟ್ಟಿಗೆ 400 ಮಿಲಿವೋಲ್ಟ್ ದಾಟುವುದೇ ಇಲ್ಲ. ಮೂಟೆ ತೂಗುವ ಕಲ್ಲಿನಲ್ಲಿ ಏಲಕ್ಕಿ ತೂಗಿದಂತಾಯಿತು. ಇಂಥಲ್ಲಿ ಹೆಚ್ಚು ಬಿಟ್ಟಿನ ದುಬಾರಿ ಎಡಿಸಿ ಕೊಳ್ಳಲು ಓಡುವವರೇ ಹೆಚ್ಚು. ನನಗೆ ಅದು ಅವಸರ ಎನಿಸುತ್ತದೆ. ಆ ಚಿಪ್ಪಿನೊಳಗೇ 1.1 ವೋಲ್ಟಿನ ಇನ್ನೊಂದು ರೆಫರೆನ್ಸ್ ಇದೆ. ಅದು ಚಾರ್ಜರಿನ ಏರಿಳಿತಕ್ಕೆ ಹೆಚ್ಚು ಜಗ್ಗುವುದಿಲ್ಲ. ಪಾಲು 1.07 ಮಿಲಿವೋಲ್ಟಿಗೆ, ಅಂದರೆ ಡಿಗ್ರಿಯ ಹತ್ತನೇ ಒಂದರ ಆಸುಪಾಸಿಗೆ, ಇಳಿಯುತ್ತದೆ. 110 ಡಿಗ್ರಿ ದಾಟಿದ್ದನ್ನು ಮಾತ್ರ ಅಳೆಯಲಾಗದು. ಹುಳುವಿನ ಮನೆಗೆ ಅದರ ಚಿಂತೆ ಏಕೆ?

ಈಗ 280 ತೂಗಿ ನೋಡಿ. ಮೊದಲ ಕಲ್ಲು 550: ಹೆಚ್ಚು, ತೆಗೆ. ಮುಂದಿನದು 275: ಇರಲಿ. ಇನ್ನು ತುಂಬಬೇಕಾದದ್ದು ಬರೀ 5. ಮುಂದಿನ ಐದು ಕಲ್ಲುಗಳೂ ಅದಕ್ಕೆ ಭಾರ. ಎಂಟನೆಯದು, 4.3, ನಿಲ್ಲುತ್ತದೆ. ಕೊನೆಯ ಎರಡೂ ಚೂರೇ ಚೂರು ಹೆಚ್ಚಾಗಿ ಹೊರಬೀಳುತ್ತವೆ. ನಿಂತ ಕಲ್ಲುಗಳು 256 ಮತ್ತು 4, ಉತ್ತರ 260. ಅಂದರೆ 27.9 ಡಿಗ್ರಿ.

ಒಂದು ತೊಡಕು: 1.1 ಎಂಬುದು ಹೆಸರಿಗೆ. ಚಿಪ್ಪಿನಿಂದ ಚಿಪ್ಪಿಗೆ ಅದು 1.0ರಿಂದ 1.2ರವರೆಗೂ ಇರಬಹುದು. ಒಂದು ಚಿಪ್ಪಿನಲ್ಲಿ ಮಾತ್ರ ಹೆಚ್ಚು ಕದಲದು. ಆದ್ದರಿಂದ ಒಮ್ಮೆ ಓದಿಸಿ, ಬೋರ್ಡಿನ ಎ-ರೆಫ್ ಪಿನ್ನಿಗೆ ಮಲ್ಟಿಮೀಟರು ಹಿಡಿದು ನಿಜವಾದ ಬೆಲೆ ಬರೆದಿಟ್ಟುಕೊಳ್ಳಬೇಕು. ನಮ್ಮದು 1.083 ಇತ್ತು. ಅದನ್ನು ನೂರರಿಂದ ಗುಣಿಸಿ ಪ್ರೋಗ್ರಾಮಿಗೆ ಹಾಕಿದೆವು:

```
analogReference(INTERNAL);
analogRead(A0);
delay(50);
int n = analogRead(A0);
float t = n * 108.3 / 1024.0;
```

ಮೊದಲ ಓದನ್ನು ಬೇಕೆಂದೇ ಬಿಸಾಡಿದ್ದೇವೆ. ರೆಫರೆನ್ಸ್ ಬದಲಾದಾಗ ಅದು ನೆಲೆಗೊಳ್ಳಲು ಸ್ವಲ್ಪ ಹೊತ್ತು ಬೇಕು. ಇನ್ನು ಎ-ರೆಫ್ ಪಿನ್ನಿಗೆ ಹೊರಗಿನ ವೋಲ್ಟೇಜು ಜೋಡಿಸಿದ್ದರೆ ಈ `INTERNAL` ಬಳಸಲೇಬೇಡಿ, ಒಳಗಿನದೂ ಹೊರಗಿನದೂ ಡಿಕ್ಕಿಯಾಗಿ ಚಿಪ್ಪು ಕೆಡಬಹುದು.

ಫ್ಯಾನ್ ಹಾಕಿದೆವು. ಪರದೆಯಲ್ಲಿ 27.9 ಇದ್ದದ್ದು ಹಾಗೇ ನಿಂತು, ಆಮೇಲೆ ನಿಧಾನವಾಗಿ 27.8 ಆಯಿತು. ಗಾಜಿನದು ಇನ್ನೂ 28 ಎನ್ನುತ್ತಿತ್ತು. "ಇದ್ರಲ್ಲಿ ಯಾವುದು ನಿಜ ಮಾಮ?" ಎಂದು ಹುಡುಗ ಕೇಳಿದ. ಎಲ್‌ಎಂ35 ತಾನೇ ಅರ್ಧ ಡಿಗ್ರಿ ಆಚೀಚೆ ಹೇಳಬಹುದು, ಅಗ್ಗದ್ದಾದರೆ ಇನ್ನೂ ಹೆಚ್ಚು. ಬಿಂದುವಿನ ಮುಂದಿನ ಅಂಕಿ ಬಿಸಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲಷ್ಟೇ ಎಂದೆ. ಅವನು ಗಾಜಿನ ಥರ್ಮಾಮೀಟರನ್ನು ಪೆಟ್ಟಿಗೆಯೊಳಗೇ ಬಿಟ್ಟ.