ಅಜ್ಜಿಯ ಅಡುಗೆ ವಹಿ ಪಿಡಿಎಫ್ ಆದಾಗ: ಸೇರು, ಛಟಾಕು ಮತ್ತು 3-5-7ರ ಲೆಕ್ಕ

ನಮ್ಮ ಬಂಧುಗಳ ಮನೆಯೊಂದರ ಹಿರಿಯ ಅಜ್ಜಿಯವರು 1950ರ ದಶಕದಲ್ಲಿ ಬರೆದಿಟ್ಟ ಅಡುಗೆ ವಹಿ ಇಂಡಿಯಲ್ಲಿದೆ. ಅವರ ಹೆಣ್ಣುಮಕ್ಕಳನ್ನು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಕೊಟ್ಟಿದ್ದಾರೆ. ವಹಿ ಒಂದು, ಕೇಳುವ ಮನೆ ನಾಲ್ಕು. ಹಾಗಾಗಿ ಮೊಮ್ಮಕ್ಕಳು ಅದನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಪುಸ್ತಕ ಮಾಡಲು ಹೊರಟರು. ಕಿರಾಣಿ ವ್ಯಾಪಾರದವನೆಂದು ಹಳೇ ತೂಕ ಬಿಡಿಸಲು ನನ್ನನ್ನು ಕರೆದರು. ಇಂಥ ವಹಿ ಇರುವ ಮನೆಯವರಿಗೆ ಉಪಯೋಗವಾಗಲೆಂದು ಆ ಕೆಲಸದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಸ್ಕ್ಯಾನ್ ಮಾಡುವುದು

ಅಡುಗೆ ವಹಿಯ ಹಾಳೆಗಳಲ್ಲಿ ಎಣ್ಣೆ, ಅರಿಶಿನದ ಕಲೆ ಇದ್ದೇ ಇರುತ್ತವೆ. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಕಲೆ ಕಪ್ಪಾಗಿ ಅಕ್ಷರವನ್ನು ನುಂಗುತ್ತದೆ, ಪೆನ್ಸಿಲ್ ಬರಹ ಮಾಯವಾಗುತ್ತದೆ. ಆದ್ದರಿಂದ ಬಣ್ಣದಲ್ಲಿಯೇ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಬೇಕು. ಮೊಬೈಲಿನಿಂದ ತೆಗೆಯುವುದಾದರೆ ಹಗಲು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ಪುಟದ ಅಂಚು ಪೂರ್ತಿ ಬರಲಿ. ಅಜ್ಜಿಯರು ಮುಖ್ಯ ಮಾತನ್ನು ಅಂಚಿನಲ್ಲಿಯೇ ಬರೆದಿರುತ್ತಾರೆ.

ಅಳತೆಯೋ, ತೂಕವೋ?

ಕಿಲೋ-ಗ್ರಾಂ ತೂಕ ದೇಶದಲ್ಲಿ ಕಡ್ಡಾಯವಾದದ್ದು 1962ರಲ್ಲಿ. ಅದಕ್ಕೂ ಮೊದಲಿನ ವಹಿಯಲ್ಲಿ ಸೇರು, ಪಾವಶೇರು, ಛಟಾಕು ಇರುತ್ತವೆ. 80 ತೊಲೆಯ ಸೇರು ಎಂದರೆ ಸುಮಾರು 933 ಗ್ರಾಂ. ಅದರ ಅರ್ಧ ಅಚ್ಛೇರು, ಕಾಲು ಭಾಗ ಪಾವಶೇರು, ಹದಿನಾರನೇ ಒಂದು ಭಾಗ ಛಟಾಕು, ಅಂದರೆ ಸುಮಾರು 58 ಗ್ರಾಂ.

ತೊಡಕು ಎಲ್ಲಿದೆ ಎಂದರೆ, ಸೇರು ತೂಕವೂ ಹೌದು, ಕಾಳು ಅಳೆಯುವ ಪಾತ್ರೆಯೂ ಹೌದು. ಈ ವಹಿಯ ಶೇಂಗಾ ಹೋಳಿಗೆಗೆ "ಶೇಂಗಾ ಅಚ್ಛೇರು, ಬೆಲ್ಲ ಪಾವಶೇರು ಮ್ಯಾಲೆ ಎರಡು ಛಟಾಕು" ಎಂದಿತ್ತು. ತೂಕವೆಂದು ಹಿಡಿದರೆ ಶೇಂಗಾ 467 ಗ್ರಾಂ, ಬೆಲ್ಲ 350 ಗ್ರಾಂ ಆಗುತ್ತದೆ. ಆದರೆ ಆ ಮನೆಯ ಅರ್ಧ ಸೇರಿನ ಹಿತ್ತಾಳೆ ಅಳತೆಯಲ್ಲಿ ಶೇಂಗಾ ತುಂಬಿ ತಕ್ಕಡಿಗಿಟ್ಟಾಗ ಬಂದದ್ದು 320 ಗ್ರಾಂ ಮಾತ್ರ. ಅಷ್ಟು ಶೇಂಗಾಕ್ಕೆ 350 ಗ್ರಾಂ ಬೆಲ್ಲ ಹಾಕಿದರೆ ಹೂರಣ ಅಂಟಾಗಿ, ಲಟ್ಟಿಸುವಾಗ ಒಡೆದು ಹೊರಬರುತ್ತದೆ, ಹಂಚಿಗೆ ಹತ್ತುತ್ತದೆ. ಎರಡೂ ರೀತಿ ಸ್ವಲ್ಪ ಸ್ವಲ್ಪ ಮಾಡಿ ನೋಡಿದರು. ತೂಕದ ಲೆಕ್ಕದ್ದೇ ಸರಿ ಬಂತು. ಪುಸ್ತಕದಲ್ಲಿ ಅಜ್ಜಿಯ ಮಾತನ್ನು ಹಾಗೆಯೇ ಇಟ್ಟು, ಮುಂದೆ ಗ್ರಾಂ ಲೆಕ್ಕ ಕೊಟ್ಟಿದ್ದಾರೆ.

ಅಂಚಿನ 3-5-7

ಅದೇ ಪುಟದ ಅಂಚಿನಲ್ಲಿ "ಹಿಟ್ಟು ಮ 3, ಬೇ 5, ಚ 7" ಎಂದು ಪೆನ್ಸಿಲಿನಲ್ಲಿ ಇತ್ತು. ಟೈಪ್ ಮಾಡುತ್ತಿದ್ದ ಮೊಮ್ಮಗಳು 'ಬೇ' ಎಂದರೆ ಬೇಳೆ, 'ಚ' ಎಂದರೆ ಚಮಚ ಎಂದು ತಿಳಿದು, ಹಿಟ್ಟು 3 ಬಟ್ಟಲು, ಬೇಳೆ 5 ಬಟ್ಟಲು, ಮುಂದೆ 7 ಚಮಚ ಎಂದು ಬರೆದಳು. ಶೇಂಗಾ ಹೋಳಿಗೆಗೆ ಬೇಳೆ ಏಕೆ ಎಂದು ಯಾರಿಗೂ ತಿಳಿಯಲಿಲ್ಲ. ಆ ಪುಟದ ಚಿತ್ರವನ್ನು ಮುದ್ದೇಬಿಹಾಳದ ದೊಡ್ಡಮ್ಮನವರಿಗೆ ಕಳಿಸಿದಾಗ ಅವರು ನಕ್ಕು, "ಅದು ಅಳತಿ ಅಲ್ಲವಾ ತಂಗಿ, ಹಿಟ್ಟಿನ ಮರ್ಯಾದಿ" ಎಂದರು.

ಬೀಸಿದ ಹಿಟ್ಟನ್ನು ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನದೊಳಗೆ ಬಳಸಬೇಕೆಂಬ ನಮ್ಮ ಆಹಾರ ನಿಯಮವದು. ತೇವ ಹೆಚ್ಚಿದಷ್ಟೂ ಹಿಟ್ಟಿನಲ್ಲಿ ಜೀವೋತ್ಪತ್ತಿ ಬೇಗ ಎಂಬುದು ಅದರ ಕಾರಣ. ಪುಟದ ಚಿತ್ರ ಇರದೆ ಬರೀ ಟೈಪ್ ಮಾಡಿದ್ದು ಉಳಿದಿದ್ದರೆ ಮುಂದಿನವರಿಗೆ ಏಳು ಚಮಚವೇ ಗತಿಯಾಗುತ್ತಿತ್ತು, ನಿಯಮ ಅಳಿಯುತ್ತಿತ್ತು. ಆದ್ದರಿಂದ ಪುಸ್ತಕದಲ್ಲಿ ಎಡಪುಟಕ್ಕೆ ಅಜ್ಜಿಯ ಕೈಬರಹದ ಚಿತ್ರ, ಬಲಪುಟಕ್ಕೆ ಟೈಪ್ ಮಾಡಿದ್ದು, ಅದರ ಕೆಳಗೆ ಹಿರಿಯರು ಹೇಳಿದ ವಿವರಣೆ ಎಂದು ಜೋಡಿಸಿದರು. ಅಷ್ಟಮಿ, ಚತುರ್ದಶಿಗೆ ಹಸಿರು ಇಲ್ಲದ ಅಡುಗೆಗಳನ್ನು ಬೇರೆ ಭಾಗ ಮಾಡಿದರು.

ಕೊನೆಯ ಪರೀಕ್ಷೆ

ಟೈಪನ್ನು ಯೂನಿಕೋಡ್ ಕನ್ನಡದಲ್ಲಿ ಮಾಡಿರಿ. ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದರೆ ಪಿಡಿಎಫ್‌ನಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ. ಪಿಡಿಎಫ್ ಆದ ಮೇಲೆ ಬೇರೆಯವರ ಮೊಬೈಲಿನಲ್ಲಿ ತೆರೆದು 'ಹೋಳಿಗೆ' ಎಂದು ಹುಡುಕಿರಿ. ಸಿಕ್ಕರೆ ಸರಿ, ಸಿಗದಿದ್ದರೆ ಆಗಲೇ ತಿದ್ದಿರಿ. ಮೂಲ ಚಿತ್ರಗಳನ್ನು ಎರಡು ಊರುಗಳಲ್ಲಿ ಬೇರೆ ಬೇರೆ ಪೆನ್‌ಡ್ರೈವ್‌ಗಳಲ್ಲಿ ಇಡಿರಿ. ವಹಿಯ ತುಕ್ಕು ಹಿಡಿದ ಪಿನ್ನು ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯಿಂದ ದೂರ ಇಡಿರಿ. ವಿವರಣೆ ಹೇಳಬಲ್ಲ ಹಿರಿಯರಿದ್ದಾಗಲೇ ಪ್ರತಿ ಪುಟವನ್ನೂ ಅವರೆದುರು ಓದಿಸಿಕೊಳ್ಳಿರಿ.