ಮುಂಡಾಸಿನ ಗೆರೆ ಬಾಗುವುದು ಮೇಲಕ್ಕೆ

ನಾಲ್ಕು ಇಂಚು ಅಗಲ, ಆರು ಇಂಚು ಎತ್ತರದ ಒಂದು ಹಳೆಯ ಫೋಟೊ. ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಒಂದು ಮೂಲೆ ಅಂಟಿಕೊಂಡು ಕಿತ್ತುಬಂದಿದೆ. ಅದರಲ್ಲಿ ಬಡಗುತಿಟ್ಟಿನ ಕರ್ಣ, ಸೊಂಟದಿಂದ ಮೇಲಕ್ಕೆ, ಸ್ವಲ್ಪ ಬಲಕ್ಕೆ ತಿರುಗಿ ನಿಂತಿದ್ದಾನೆ. ಆ ಕರ್ಣ ನನ್ನ ಹಾಸ್ಟೆಲ್ ರೂಮ್‌ಮೇಟ್‌ನ ಅಜ್ಜ. ಕುಂದಾಪುರ ಕಡೆಯವರು. ಮಂಡಿನೋವಿನಿಂದ ಮೇಳ ಬಿಟ್ಟು ವರ್ಷಗಳಾಗಿವೆ. ಪೂರ್ತಿ ವೇಷದಲ್ಲಿರುವ ಅವರ ಫೋಟೊ ಮನೆಯಲ್ಲಿ ಉಳಿದಿರುವುದು ಇದೊಂದೇ. ‘ಇದನ್ನು ದೊಡ್ಡದಾಗಿ ಬರೆದುಕೊಡ್ತೀಯಾ? ಆದರೆ ಅಜ್ಜನೇ ನೋಡ್ತಾರೆ’ ಎಂದು ಗೆಳೆಯ ಕೇಳಿದಾಗ, ಆ ‘ಆದರೆ’ಯ ತೂಕ ನನಗೆ ಅರ್ಥವಾಯಿತು. ಮುಖದ ಹೋಲಿಕೆ ಸ್ವಲ್ಪ ಆಚೀಚೆಯಾದರೆ ಮನೆಯವರು ಕ್ಷಮಿಸಿಯಾರು. ಮುಂಡಾಸನ್ನು ಸಾವಿರಾರು ಸಲ ಕಟ್ಟಿದವರು, ತಪ್ಪಾಗಿ ಬರೆದ ಮುಂಡಾಸನ್ನು ದಿನಾ ಗೋಡೆಯ ಮೇಲೆ ನೋಡಿಕೊಂಡು ಹೇಗೆ ಇರುತ್ತಾರೆ?

ಅಳತೆಯ ಕೆಲಸ ಸುಲಭ, ಅದನ್ನು ಬೇಗ ಹೇಳಿಬಿಡುತ್ತೇನೆ. ಫೋಟೊ ಸ್ಕ್ಯಾನ್ ಮಾಡಿಸಿ ಅದೇ ಅಳತೆಯಲ್ಲಿ ಒಂದು ಪ್ರಿಂಟ್ ತೆಗೆಸಿದೆ. ಅದರ ಮೇಲೆ ಅರ್ಧ ಇಂಚಿನ ಚೌಕಗಳನ್ನು ಎಳೆದರೆ ಅಡ್ಡಕ್ಕೆ ಎಂಟು, ಉದ್ದಕ್ಕೆ ಹನ್ನೆರಡು. ಎ3 ಹಾಳೆಯಲ್ಲಿ ಅದೇ ಚೌಕಗಳು ಒಂದೂಕಾಲು ಇಂಚಿನವು. ಅಂದರೆ ಎರಡೂವರೆ ಪಟ್ಟು. ಚಿತ್ರ 10 ಇಂಚು ಅಗಲ, 15 ಇಂಚು ಎತ್ತರವಾಗಿ, ಸುತ್ತ ಸ್ವಲ್ಪ ಅಂಚು ಉಳಿಯುತ್ತದೆ. ಪ್ರತಿ ಚೌಕದಲ್ಲಿ ಏನಿದೆಯೋ ಅದನ್ನು ದೊಡ್ಡ ಚೌಕಕ್ಕೆ ಇಳಿಸುವುದು. ಎಂಜಿನಿಯರಿಂಗ್ ಡ್ರಾಯಿಂಗ್ ಪಾಸಾದ ಯಾರಿಗೂ ಇದು ಕಷ್ಟವಲ್ಲ.

ಕಷ್ಟ ಬರುವುದು ಚೌಕದೊಳಗೆ ಏನಿದೆ ಎಂದೇ ಗೊತ್ತಾಗದಿದ್ದಾಗ. ಫ್ಲ್ಯಾಷ್ ಬಿದ್ದ ಕಡೆ ಬರೀ ಬಿಳಿ ಮಚ್ಚೆ, ನೆರಳಿದ್ದ ಕಡೆ ಬರೀ ಕಂದು. ಅಲ್ಲಿ ಫೋಟೊ ಏನೂ ಹೇಳುವುದಿಲ್ಲ. ವಸ್ತು ಏನೆಂದು ಗೊತ್ತಿದ್ದರೆ ಮಾತ್ರ ಬರೆಯಬಹುದು. ಗೊತ್ತಿಲ್ಲದವರು ಇನ್ನೊಂದು ಚಿತ್ರ ನೋಡಿ ತುಂಬಿಸುತ್ತಾರೆ. ಯಕ್ಷಗಾನದ ಹೆಸರಿನಲ್ಲಿ ಸಿಗುವ ಸ್ಮರಣಿಕೆ, ಗೋಡೆಚಿತ್ರ, ಟೀಶರ್ಟುಗಳಲ್ಲಿ ತೆಂಕುತಿಟ್ಟಿನ ಕಿರೀಟ ಬಡಗುತಿಟ್ಟಿನ ಮೈಮೇಲೆ ಕುಳಿತಿರುವುದು ಹೀಗೆಯೇ ಇರಬೇಕು. ನಾನು ತುಮಕೂರು ಕಡೆಯವ. ನಮ್ಮಲ್ಲಿರುವುದು ಮೂಡಲಪಾಯ, ಅದರ ವೇಷವೇ ಬೇರೆ. ಹಾಗಾಗಿ ನನಗೆ ಊಹಿಸುವ ಧೈರ್ಯವಿರಲಿಲ್ಲ. ಒಂದು ಶನಿವಾರ ಬಸ್ಸು ಹತ್ತಿ ಗೆಳೆಯನ ಊರಿಗೆ ಹೋದೆ. ರಾತ್ರಿ ಅಲ್ಲೇ ಹತ್ತಿರ ಆಟವಿತ್ತು. ಅಜ್ಜನ ಪರಿಚಯದ ಮೇಲೆ ಚೌಕಿಯ ಒಂದು ಮೂಲೆಯಲ್ಲಿ ಕೂರಲು ಜಾಗ ಸಿಕ್ಕಿತು.

‘ಮುಂಡಾಸ್ ಅಂದ್ರ್ ಟೊಪ್ಪಿ ಅಲ್ಲ ಮಗಾ, ಕಟ್ಟುದ್’ ಎಂದು ಅಜ್ಜ ದಾರಿಯಲ್ಲೇ ಹೇಳಿದ್ದರು. ಆ ಮಾತೇ ಇಡೀ ಚಿತ್ರದ ಕೀಲಿ. ಕಿರೀಟ ಮರದಲ್ಲಿ ಮಾಡಿಟ್ಟ ವಸ್ತು. ಪೆಟ್ಟಿಗೆಯಿಂದ ತೆಗೆದು ತಲೆಗೇರಿಸಿ ಬಿಗಿಯುತ್ತಾರೆ. ಮುಂಡಾಸು ಹಾಗಲ್ಲ, ಪ್ರತಿ ಆಟಕ್ಕೂ ಕಲಾವಿದನ ತಲೆಯ ಮೇಲೆಯೇ ಹೊಸದಾಗಿ ಹುಟ್ಟುತ್ತದೆ. ಮೊದಲು ಹಣೆಗೆ ಬಿಗಿಯಾಗಿ ಬಟ್ಟೆ, ಅದರ ಮೇಲೆ ಆಕಾರ ಕೊಡುವ ಅಟ್ಟೆ, ಆಮೇಲೆ ಸುತ್ತು ಸುತ್ತು ಬಟ್ಟೆ, ಕೊನೆಗೆ ಜರಿಯ ಪಟ್ಟಿಗಳು. ಹಣೆಯ ಹತ್ತಿರ ಕಿರಿದಾಗಿ ಹೊರಟು, ನಡುವೆ ತಾವರೆ ಮೊಗ್ಗಿನ ಹಾಗೆ ಉಬ್ಬಿ, ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಅಭಿಮನ್ಯುವಿನಂಥ ಎಳೆಯ ವೀರರಿಗೆ ಇರುವುದು ಕೇದಗೆ ಮುಂದಲೆ. ಅದೂ ಕಟ್ಟುವುದೇ, ಆದರೆ ಮುಂಡಾಸಿನಷ್ಟು ದೊಡ್ಡದಲ್ಲ. ಕರ್ಣನ ಮುಖಕ್ಕೆ ಮುಂದಲೆ ಬರೆದರೆ ಪಾತ್ರವೇ ಬದಲಾಗಿಬಿಡುತ್ತದೆ.

ಕಟ್ಟಿದ ವಸ್ತು ಎಂದು ತಿಳಿದ ಮೇಲೆ ಪೆನ್ಸಿಲಿಗೆ ದಾರಿ ಸಿಕ್ಕಿತು. ಫೋಟೊದಲ್ಲಿ ನನಗೆ ಕಾಣುತ್ತಿದ್ದದ್ದು ಹೊಳೆಯುವ ಅಡ್ಡಗೆರೆಗಳು. ಅವು ಗೆರೆಗಳಲ್ಲ, ಉಬ್ಬಿದ ಮೈಯನ್ನು ಬಳಸಿಕೊಂಡು ಹಿಂದಕ್ಕೆ ಹೋಗುವ ಪಟ್ಟಿಗಳು. ಫೋಟೊ ತೆಗೆದವರು ರಂಗದ ಕೆಳಗೆ, ಪ್ರೇಕ್ಷಕರ ಜಾಗದಲ್ಲಿ ನಿಂತಿದ್ದರು. ಮುಂಡಾಸು ಅವರ ಕಣ್ಣಿನ ಮಟ್ಟಕ್ಕಿಂತ ಬಹಳ ಮೇಲಿತ್ತು. ಕಣ್ಣಿಗಿಂತ ಮೇಲಿರುವ ಉರುಟು ವಸ್ತುವನ್ನು ಸುತ್ತಿದ ಪಟ್ಟಿ ಕಮಾನಿನಂತೆ ಮೇಲಕ್ಕೆ ಬಾಗಿ ಕಾಣುತ್ತದೆ. ಎತ್ತರ ಹೆಚ್ಚಿದಷ್ಟೂ ಬಾಗು ಹೆಚ್ಚು. ನೀರಿನ ಟ್ಯಾಂಕನ್ನು ರಸ್ತೆಯಿಂದ ನೋಡಿ, ಅದರ ಮೇಲಿನ ಅಂಚು ಹೀಗೆಯೇ ಕಾಣುತ್ತದೆ. ಪಟ್ಟಿಗಳನ್ನು ನೇರ ಎಳೆದರೆ ಮುಂಡಾಸು ರಟ್ಟಿನಲ್ಲಿ ಕತ್ತರಿಸಿ ತಲೆಯ ಹಿಂದೆ ಅಂಟಿಸಿದಂತಾಗುತ್ತದೆ. ಕೆಳಕ್ಕೆ ಬಾಗಿಸಿದರೆ ಮಹಡಿಯಿಂದ ನೋಡಿದ ಮುಂಡಾಸು, ಕೆಳಗಿನಿಂದ ನೋಡಿದ ಗಲ್ಲ, ಎರಡೂ ಒಂದೇ ಮೈಮೇಲೆ ಬಂದುಬಿಡುತ್ತವೆ. ಇದನ್ನು ಪತ್ತೆ ಮಾಡಲು ಚಿತ್ರವನ್ನು ತಲೆಕೆಳಗು ಮಾಡಿ ನೋಡಬೇಕು. ಆಗ ಮುಖ ನಮ್ಮನ್ನು ಮರುಳು ಮಾಡುವುದಿಲ್ಲ, ಆಕಾರ ಮಾತ್ರ ಕಾಣುತ್ತದೆ.

ಇನ್ನೊಂದು ಆಸೆಯನ್ನೂ ತಡೆಯಬೇಕಾಯಿತು. ಫೋಟೊದಲ್ಲಿ ಗಲ್ಲದಿಂದ ಮುಂಡಾಸಿನ ಅಂಚಿನವರೆಗೆ 22 ಮಿಲಿಮೀಟರ್, ಅಲ್ಲಿಂದ ತುದಿಗೆ 27. ಚೌಕಿಯಲ್ಲಿ ಎದುರು ಕೂತು ನೋಡಿದಾಗ ಮುಂಡಾಸು ಇನ್ನೂ ಎತ್ತರ ಕಾಣುತ್ತದೆ. ಚಿತ್ರದಲ್ಲಿ ಸ್ವಲ್ಪ ಏರಿಸೋಣ ಅನ್ನಿಸಿತ್ತು. ಏರಿಸಿದರೆ ಕಮಾನುಗಳ ಬಾಗನ್ನೂ, ಗಲ್ಲದ ಅಡಿಯನ್ನೂ, ಮೂಗಿನ ಹೊಳ್ಳೆಯನ್ನೂ ಬದಲಿಸಬೇಕು. ನೋಟ ಒಂದೇ ಇರಬೇಕು. 22ಕ್ಕೆ 27 ಎಂಬುದನ್ನೇ ಎರಡೂವರೆ ಪಟ್ಟು ಮಾಡಿ 55, 67.5 ಎಂದು ಇಟ್ಟುಕೊಂಡೆ.

ಆಮೇಲೆ ಆಭರಣ. ಕಿವಿಯ ಬಳಿ ಕರ್ಣಪತ್ರ, ಹೆಗಲ ಮೇಲೆ ಭುಜಕೀರ್ತಿ, ಎದೆಗೆ ಎದೆಕಟ್ಟು, ತೋಳಿಗೆ ತೋಳುಕಟ್ಟು, ಸೊಂಟಕ್ಕೆ ಡಾಬು. ಇವು ಲೋಹವೆಂದು ದೂರದಿಂದ ಅನ್ನಿಸುತ್ತದೆ. ಕೈಗೆ ಎತ್ತಿಕೊಂಡರೆ ಹಗುರ. ಸಾಂಪ್ರದಾಯಿಕವಾಗಿ ಹಗುರ ಮರವನ್ನು ಕೆತ್ತಿ, ಬಂಗಾರದ ಬಣ್ಣದ ಬೇಗಡೆ ಹಚ್ಚಿ, ಕನ್ನಡಿ ಚೂರುಗಳನ್ನು ಕೂರಿಸುತ್ತಾರೆ. ಬರೆಯುವವನಿಗೆ ಇದು ಮುಖ್ಯ. ಮರವಾದ್ದರಿಂದ ಅಂಚಿಗೆ ದಪ್ಪವಿದೆ, ಆ ದಪ್ಪದ ಕೆಳಗೆ ದಗಲೆಯ ಮೇಲೆ ಸಣ್ಣ ನೆರಳು ಬೀಳುತ್ತದೆ. ಆ ನೆರಳು ಬಿಟ್ಟರೆ ಆಭರಣವನ್ನು ಬಟ್ಟೆಯ ಮೇಲೆ ಪ್ರಿಂಟ್ ಮಾಡಿದ ಹಾಗೆ ಕಾಣುತ್ತದೆ. ಬಂಗಾರಕ್ಕೆ ಮಿನುಗುವ ಪೆನ್ನು ಬಳಸಲಿಲ್ಲ. ಅದು ಎಲ್ಲ ಕಡೆ ಒಂದೇ ಸಮ ಹೊಳೆಯುತ್ತದೆ, ಉಬ್ಬು ತಗ್ಗು ಮಾಯವಾಗುತ್ತದೆ. ಮಣ್ಣುಹಳದಿ, ಕಂದು, ತಿಳಿಹಳದಿ ಮತ್ತು ಹಾಳೆಯ ಬಿಳಿ ಇಷ್ಟೇ ಸಾಕು. ಕನ್ನಡಿ ಚೂರಂತೂ ಬೆಳ್ಳಗಿರುವುದೇ ಇಲ್ಲ. ಸುತ್ತಲಿನ ಕತ್ತಲನ್ನು ಹಿಡಿದು ಕಪ್ಪಾಗಿರುತ್ತದೆ, ಒಂದು ಮೂಲೆಯಲ್ಲಿ ಮಾತ್ರ ಬೆಳಕು.

ಎಡಗಡೆಯ ಭುಜಕೀರ್ತಿ ಫ್ಲ್ಯಾಷ್‌ಗೆ ಪೂರ್ತಿ ಬೆಳ್ಳಗಾಗಿತ್ತು. ಹೊರಗೆರೆ ಬಿಟ್ಟರೆ ಒಳಗೆ ಏನೂ ಇಲ್ಲ. ಭುಜಕೀರ್ತಿ ಜೋಡಿ ಆಭರಣ, ಒಂದರ ಪ್ರತಿಬಿಂಬ ಇನ್ನೊಂದು. ಸ್ಪಷ್ಟವಿದ್ದ ಬಲಗಡೆಯದನ್ನು ಟ್ರೇಸಿಂಗ್ ಹಾಳೆಯಲ್ಲಿ ಇಳಿಸಿ ಮಗುಚಿದೆ. ಆದರೆ ಹಾಗೇ ಅಂಟಿಸುವಂತಿಲ್ಲ, ಏಕೆಂದರೆ ಮೈ ತಿರುಗಿದೆ. ಬಲಗಡೆಯದರ ಅಗಲ 18 ಮಿಲಿಮೀಟರ್, ಎಡಗಡೆಯದು 13. ಎತ್ತರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. 13ನ್ನು 18ರಿಂದ ಭಾಗಿಸಿದರೆ 0.72. ಒಳಗಿನ ಪ್ರತಿ ಕೆತ್ತನೆಯ ಅಡ್ಡ ಅಳತೆಯನ್ನು 0.72ರಿಂದ ಗುಣಿಸಿ, ಉದ್ದವನ್ನು ಮುಟ್ಟದೆ ಬಿಟ್ಟೆ. ಉರುಟು ಕನ್ನಡಿಗಳು ಮೊಟ್ಟೆಯಾಕಾರಕ್ಕೆ ಬಂದವು. ಅಳಿದುಹೋದ ಅಂಚಿನ ಒಳಗೆ ಅವು ಸರಿಯಾಗಿ ಕೂತಾಗ ಆದ ಖುಷಿ ಯಾವ ಇಂಟರ್ನಲ್ಸ್ ಅಂಕದಲ್ಲೂ ಸಿಕ್ಕಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಹಳೆಯ ಕಲರ್ ಫೋಟೊಗಳು ಬಹಳ ಸಲ ಕೆಂಪಿಗೆ ತಿರುಗುತ್ತವೆ. ಪ್ರಿಂಟಿನಲ್ಲಿರುವ ನೀಲಿಹಸಿರು ವರ್ಣದ್ರವ್ಯ ಮೊದಲು ಮಾಸಿ, ಉಳಿದ ಬಣ್ಣಗಳು ಮೇಲುಗೈ ಪಡೆಯುವುದೇ ಕಾರಣ. ಆಗ ಕಪ್ಪು ಕೂಡ ಕೆಂಗಂದು ಆಗಿಬಿಡುತ್ತದೆ. ಅಜ್ಜನ ಮೈಮೇಲಿನ ದಗಲೆ ಫೋಟೊದಲ್ಲಿ ಕೆಂಗಂದು. ಅದು ಕೆಂಪು ದಗಲೆಯೋ, ಮಾಸಿದ ಕಪ್ಪೋ? ಬಡಗಿನಲ್ಲಿ ಎರಡೂ ಉಂಟು. ಅದೇ ಫೋಟೊದಲ್ಲಿ ಖಂಡಿತ ಕಪ್ಪಾಗಿದ್ದ ವಸ್ತು ಯಾವುದು ಎಂದು ಹುಡುಕಿದೆ. ಮೀಸೆ! ಅದರ ಪಕ್ಕಕ್ಕೆ ಕಾಡಿಗೆಯ ಹುಬ್ಬು. ಹಾಳೆಯಲ್ಲಿ ಎರಡು ಸಣ್ಣ ತೂತು ಕೊರೆದು, ಒಂದರಲ್ಲಿ ಮೀಸೆ, ಇನ್ನೊಂದರಲ್ಲಿ ದಗಲೆಯ ನೆರಳಿನ ಮಡಿಕೆ ಮಾತ್ರ ಕಾಣುವಂತೆ ಫೋಟೊದ ಮೇಲಿಟ್ಟು ನೋಡಿದೆ. ಎರಡೂ ಒಂದೇ ಕೆಂಗಂದು. ಹಾಗಾದರೆ ದಗಲೆ ಕಪ್ಪು. ‘ಹೌದ್, ಕಪ್ಪೇ’ ಎಂದರು ಅಜ್ಜ, ಫೋನಿನಲ್ಲಿ.

ಮುಖದ ಬಣ್ಣ ಚರ್ಮದ ಬಣ್ಣವಲ್ಲ, ಅದೂ ಒಂದು ವೇಷವೇ. ಬಿಳಿ, ಹಳದಿ, ಕೆಂಪನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಕಲಾವಿದರು ತಾವೇ ಹಚ್ಚಿಕೊಳ್ಳುತ್ತಾರೆ. ಹಿಂದೆ ಹಳದಿಗೆ ಅರದಳ, ಕೆಂಪಿಗೆ ಇಂಗಳೀಕ ಇದ್ದವು, ಈಗ ತಯಾರಿ ಬಣ್ಣ ಬಂದಿದೆ. ಅದರ ಮೇಲೆ ಪೌಡರ್ ಒತ್ತುವುದರಿಂದ ಎಣ್ಣೆಯ ಹೊಳಪು ಹೋಗಿ ಮುಖ ಮಂಕಾದ ಗುಲಾಬಿಹಳದಿಯಾಗುತ್ತದೆ. ಭಾವಚಿತ್ರದಲ್ಲಿ ನಾವು ರೂಢಿಯಿಂದ ಹಾಕುವ ಕೆನ್ನೆಯ ಹೊಳಪನ್ನು ಇಲ್ಲಿ ಹಾಕಬಾರದು. ಬೆವರು ಒಡೆದ ಮೂಗಿನ ತುದಿಗೆ ಮಾತ್ರ ಒಂದು ಚುಕ್ಕೆ ಸಾಕು. ಮೊದಲು ಮಣ್ಣುಹಳದಿಯ ತೆಳು ಪದರ, ಅದರ ಮೇಲೆ ತಿಳಿಗೆಂಪು, ಆಮೇಲೆ ಬಿಳಿಯ ಪೆನ್ಸಿಲಿನಿಂದ ಒತ್ತಿ ಬೆರೆಸಿದೆ. ನೆರಳಿಗೆ ಬೂದು ಬಳಸಿದರೆ ಬಣ್ಣ ಹಚ್ಚಿದ ಮುಖ ಜ್ವರ ಬಂದ ಮುಖವಾಗುತ್ತದೆ, ಕಂದು ಬೇಕು. ಹಣೆಯ ನಾಮ, ಕಣ್ಣಿನ ಕೊನೆಯಿಂದ ಹೊರಗೆ ಎಳೆದ ಕಾಡಿಗೆ, ಇವಕ್ಕೆ ಅಂಚು ಖಡಕ್ಕಾಗಿರಬೇಕು. ಕೈಯಿಂದ ಬರೆದ ಗೆರೆ ಅದು, ನೆರಳಲ್ಲ. ಮೀಸೆ ಮಾತ್ರ ಬೇರೆಯೇ ಲೆಕ್ಕ. ಕಟ್ಟುಮೀಸೆ ಮುಖದ ಮೇಲೆ ಕೂತಿರುತ್ತದೆ, ಮುಖದಿಂದ ಬೆಳೆದಿರುವುದಿಲ್ಲ. ಅದರ ಕೆಳಗೂ ಒಂದು ಸಣ್ಣ ನೆರಳು ಬೇಕು.

ಹದಿನೇಳು ಸಂಜೆ ಹಿಡಿಯಿತು. ಪೆನ್ಸಿಲಿನ ಮೇಣ ಗಾಜಿಗೆ ತಾಗದಂತೆ ಮೌಂಟ್ ಹಾಕಿಸಿ ಫ್ರೇಮ್ ಕಟ್ಟಿಸಿದೆವು. ಗೆಳೆಯ ಅದನ್ನು ಮಡಿಲಲ್ಲಿಟ್ಟುಕೊಂಡೇ ರಾತ್ರಿ ಬಸ್ಸಿನಲ್ಲಿ ಹೋದ. ಮರುದಿನ ವಿಡಿಯೊ ಕಾಲ್‌ನಲ್ಲಿ ಅಜ್ಜ ಕನ್ನಡಕ ಸರಿಮಾಡಿಕೊಂಡು ಚಿತ್ರದ ಹತ್ತಿರ ಬಗ್ಗಿದ್ದು ಕಂಡಿತು. ಮುಖವನ್ನು ಅವರು ನೋಡಲೇ ಇಲ್ಲ. ಬೆರಳು ಮುಂಡಾಸಿನ ಕೆಳಗಿನ ಪಟ್ಟಿಯಿಂದ ಒಂದೊಂದಾಗಿ ಮೇಲಕ್ಕೆ ಹೋಯಿತು, ತುದಿಯಲ್ಲಿ ನಿಂತಿತು. ಆಮೇಲೆ ಎಡಗಡೆಯ ಭುಜಕೀರ್ತಿ. ಅಲ್ಲಿ ಬಹಳ ಹೊತ್ತು. ‘ಇದ್ ಫೋಟೊದಂಗ್ ಇರ್ಲಿಲ್ಲ ಅಲ್ದಾ?’ ಎಂದು ಕೇಳಿದರು. ಇರಲಿಲ್ಲ ಅಜ್ಜಾ ಎಂದೆ. ತಲೆಯಾಡಿಸಿದರು. ಹಿಂದುಗಡೆ ತಮ್ಮ ಹೆಸರಿನ ಬದಲು ‘ಕರ್ಣಾರ್ಜುನ ಕಾಳಗ’ ಎಂದು ಬರೆಯಲು ಮೊಮ್ಮಗನಿಗೆ ಹೇಳಿ, ಮೊಳೆ ಹೊಡೆಯುವ ಜಾಗ ತೋರಿಸಲು ಎದ್ದರು.