ಕೋನೀಯ ವ್ಯಾಸದಿಂದ ಗಾತ್ರದ ಅಂದಾಜು

ಕೋನೀಯ ವ್ಯಾಸ ಎಂದರೆ ಒಂದು ವಸ್ತುವಿನ ಎದುರುಬದುರಿನ ಎರಡು ಅಂಚುಗಳಿಂದ ನೋಡುವವನ ಕಣ್ಣಿಗೆ ಎಳೆದ ಗೆರೆಗಳ ನಡುವಿನ ಕೋನ. ವಸ್ತುವಿನ ದೂರ ಗೊತ್ತಿದ್ದರೆ ಈ ಕೋನದಿಂದ ಅದರ ನಿಜವಾದ ಗಾತ್ರವನ್ನು ಲೆಕ್ಕಹಾಕಬಹುದು. ಕೋನವೊಂದರಿಂದಲೇ ಗಾತ್ರ ತಿಳಿಯದು. ಕಣ್ಣಿನ ಹತ್ತಿರ ಹಿಡಿದ ಗುಂಡಿಯೂ ಆಕಾಶದ ಚಂದ್ರನೂ ಒಂದೇ ಕೋನವನ್ನು ಆವರಿಸಬಲ್ಲವು. ಚಂದ್ರನ ವ್ಯಾಸ, ದೂರದ ಬೆಟ್ಟದ ಎತ್ತರ ಮೊದಲಾದ ಮುಟ್ಟಲಾಗದ ಅಳತೆಗಳಿಗೆ ಈ ವಿಧಾನವು ಪ್ರಾಚೀನ ಕಾಲದಿಂದಲೂ ಬಳಕೆಯಲ್ಲಿದೆ.

ತತ್ತ್ವ

ಕೋನವು ಚಿಕ್ಕದಾಗಿದ್ದಾಗ ಗಾತ್ರಕ್ಕೂ ದೂರಕ್ಕೂ ಇರುವ ಅನುಪಾತವೇ ರೇಡಿಯನ್‌ಗಳಲ್ಲಿ ಆ ಕೋನದ ಬೆಲೆ. ಆದ್ದರಿಂದ ದೂರವನ್ನು ಕೋನದಿಂದ ಗುಣಿಸಿದರೆ ಗಾತ್ರ ದೊರೆಯುತ್ತದೆ. ಒಂದು ಡಿಗ್ರಿಯಲ್ಲಿ 60 ಕಲೆಗಳು. ಒಂದು ರೇಡಿಯನ್‌ನಲ್ಲಿ ಸುಮಾರು 3438 ಕಲೆಗಳು. ಭಾರತೀಯ ಜ್ಯೋತಿರ್ಗಣಿತದ ಗ್ರಂಥಗಳಲ್ಲಿ ತ್ರಿಜ್ಯೆಯ ಬೆಲೆಯಾಗಿ ಬರುವ 3438 ಇದೇ ಸಂಖ್ಯೆ. ಚಂದ್ರನ ಸರಾಸರಿ ಕೋನೀಯ ವ್ಯಾಸ ಸುಮಾರು 31 ಕಲೆ, ಅಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. 31ನ್ನು 3438ರಿಂದ ಭಾಗಿಸಿದರೆ ಚಂದ್ರನ ವ್ಯಾಸವು ಅದರ ದೂರದ ಸುಮಾರು 111ನೆಯ ಒಂದು ಭಾಗವೆಂದು ತಿಳಿಯುತ್ತದೆ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ.; ವ್ಯಾಸ 3,474 ಕಿ.ಮೀ.

ಭಾಸ್ಕರಾಚಾರ್ಯರ ಲೆಕ್ಕ

ಎರಡನೆಯ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ 'ಸಿದ್ಧಾಂತ ಶಿರೋಮಣಿ'ಯಲ್ಲಿ ಈ ವಿಧಾನದ ಅಚ್ಚುಕಟ್ಟಾದ ನಿದರ್ಶನವಿದೆ. ಅವರು ತಮ್ಮ ಊರೆಂದು ಹೇಳಿಕೊಂಡಿರುವ ಸಹ್ಯಾದ್ರಿಯ ಬಳಿಯ ವಿಜ್ಜಡವಿಡವನ್ನು ಕೆಲವರು ವಿಜಯಪುರವೆಂದು, ಕೆಲವರು ಮಹಾರಾಷ್ಟ್ರದ ಪಾಟಣದ ಸಮೀಪದ ಸ್ಥಳವೆಂದು ಗುರುತಿಸುತ್ತಾರೆ.

ಸಿದ್ಧಾಂತ ಗ್ರಂಥಗಳಲ್ಲಿ ಚಂದ್ರಕಕ್ಷೆಯ ಪರಿಧಿ 3,24,000 ಯೋಜನ. ಪೂರ್ಣ ವೃತ್ತದಲ್ಲಿ 21,600 ಕಲೆಗಳಿರುವುದರಿಂದ ಕಕ್ಷೆಯ ಮೇಲೆ ಒಂದು ಕಲೆಗೆ ಸರಿಯಾಗಿ 15 ಯೋಜನಗಳು ಬೀಳುತ್ತವೆ. ಚಂದ್ರಬಿಂಬದ ಅಗಲ 32 ಕಲೆ ಎಂದು ಕಂಡುಕೊಂಡರೆ ಅದರ ವ್ಯಾಸ 32 × 15 = 480 ಯೋಜನ. ತ್ರಿಕೋನಮಿತಿಯ ಕೋಷ್ಟಕವೇ ಬೇಡದ, ಶಾಲೆಯ ಹುಡುಗನೂ ಬಾಯಲ್ಲಿ ಮಾಡಬಹುದಾದ ಗುಣಾಕಾರವಿದು.

ಭಾಸ್ಕರರ ಪ್ರಕಾರ ಭೂಮಿಯ ವ್ಯಾಸ ಸುಮಾರು 1,581 ಯೋಜನ. ಯೋಜನವು ಎಷ್ಟು ಕಿಲೋಮೀಟರು ಎಂಬ ವಿವಾದಕ್ಕೆ ಇಳಿಯದೆ, ಅವರ ಚಂದ್ರನನ್ನು ಅವರದೇ ಭೂಮಿಯೊಡನೆ ಹೋಲಿಸುವುದು ನ್ಯಾಯವಾದ ಮಾರ್ಗ. 480ನ್ನು 1,581ರಿಂದ ಭಾಗಿಸಿದರೆ 0.304, ಇಂದಿನ ಅನುಪಾತ 0.273. ಹೀಗಾಗಿ ಅವರ ಚಂದ್ರನು ನಿಜವಾದುದಕ್ಕಿಂತ ಶೇಕಡಾ 11ರಷ್ಟು ದೊಡ್ಡವನು. ಈ ವ್ಯತ್ಯಾಸ ಎಲ್ಲಿಂದ ಬಂದಿತೆಂಬುದನ್ನೂ ಬಿಡಿಸಿ ನೋಡಬಹುದು. 31ರ ಬದಲು 32 ಕಲೆ ಹಿಡಿದುದರಿಂದ ಶೇಕಡಾ 3ರಷ್ಟು ಹೆಚ್ಚಾಯಿತು. ಕಕ್ಷೆಯ ತ್ರಿಜ್ಯ 51,566 ಯೋಜನ, ಅಂದರೆ ಭೂಮಿಯ ತ್ರಿಜ್ಯದ 65 ಪಟ್ಟು. ನಿಜವಾದ ದೂರ ಸುಮಾರು 60 ಪಟ್ಟು. ಉಳಿದ ಶೇಕಡಾ 8 ಇಲ್ಲಿಂದ ಬಂದಿದೆ. ಬಿಂಬವನ್ನು ಅಳೆಯುವುದಕ್ಕಿಂತ ದೂರವನ್ನು ಅರಿಯುವುದೇ ಕಷ್ಟವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬರಿಗಣ್ಣಿನ ಅಳತೆ

ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಂತಹ ಬಯಲುಸೀಮೆಗೆ ಹತ್ತಿದ ಊರುಗಳಲ್ಲಿ, ಮೂಡಣ ದಿಕ್ಕು ತೆರೆದಿರುವ ಶಾಲೆಯ ಆಟದ ಬಯಲೊಂದಿದ್ದರೆ ಹುಣ್ಣಿಮೆಯ ಸಂಜೆ ಈ ಅಳತೆಯನ್ನು ಮಾಡಬಹುದು. 25 ಸೆಂ.ಮೀ. ಅಗಲದ ಊಟದ ತಟ್ಟೆಯನ್ನು ಕಂಬಕ್ಕೆ ಕಟ್ಟಿ, ಅದರ ಹಿಂದೆ ಚಂದ್ರ ಬರುವಂತೆ ನಿಲ್ಲಬೇಕು. ಒಂದು ಕಣ್ಣು ಮುಚ್ಚಿ ಹಿಂದೆ ಸರಿಯುತ್ತ ಹೋಗಿ, ತಟ್ಟೆಯು ಚಂದ್ರನನ್ನು ಆಗಷ್ಟೇ ಪೂರ್ತಿ ಮರೆಮಾಡುವ ಕೊನೆಯ ಸ್ಥಳದಲ್ಲಿ ನಿಂತು ಕಣ್ಣಿನಿಂದ ತಟ್ಟೆಗಿರುವ ದೂರವನ್ನು ಟೇಪಿನಿಂದ ಅಳೆಯಬೇಕು. ಅದು ಸುಮಾರು 27 ಮೀಟರ್ ಬರಬೇಕು. 25 ಸೆಂ.ಮೀ.ಯನ್ನು 2,700 ಸೆಂ.ಮೀ.ಯಿಂದ ಭಾಗಿಸಿದರೆ 108ರಲ್ಲಿ ಒಂದು ಭಾಗ. 3,84,400 ಕಿ.ಮೀ.ಯನ್ನು 108ರಿಂದ ಭಾಗಿಸಿದರೆ ಸುಮಾರು 3,560 ಕಿ.ಮೀ. ನಿಜವಾದ ಬೆಲೆಗಿಂತ ಶೇಕಡಾ 2ರಿಂದ 3ರಷ್ಟು ಹೆಚ್ಚು.

ಈ ಪ್ರಯೋಗಕ್ಕೆ ಹಲವರು ಸೂಚಿಸುವಂತೆ ಚಿಕ್ಕ ನಾಣ್ಯವನ್ನೇಕೆ ಬಳಸಬಾರದು? ಕಾರಣ ಕಣ್ಣಿನ ಪಾಪೆ. ಪಾಪೆಯು ಬಿಂದುವಲ್ಲ; ಕತ್ತಲಲ್ಲಿ ಅದು 5 ಮಿ.ಮೀ.ನಷ್ಟು ಅರಳಿರುತ್ತದೆ. ಪಾಪೆಯ ಒಂದು ಅಂಚಿಗೆ ಚಂದ್ರ ಮರೆಯಾದರೂ ಇನ್ನೊಂದು ಅಂಚಿಗೆ ನಾಣ್ಯದ ಬದಿಯಿಂದ ಬೆಳಕು ಬೀಳುತ್ತಿರುತ್ತದೆ. ಅದನ್ನೂ ತಡೆಯಲು ನೋಡುವವನು ಮುಂದೆ ಸರಿಯುತ್ತಾನೆ. 20 ಮಿ.ಮೀ. ಬಿಲ್ಲೆಯ ಸರಿಯಾದ ದೂರ 221 ಸೆಂ.ಮೀ. ಆದರೆ ಪೂರ್ತಿ ಮರೆಯಾಗುವುದು ಸುಮಾರು 165 ಸೆಂ.ಮೀ.ಯಲ್ಲಿ. ಆಗ ಚಂದ್ರನ ವ್ಯಾಸ 4,600 ಕಿ.ಮೀ. ಮೀರುತ್ತದೆ. ಫಲಿತಾಂಶವು ಮೂರನೆಯ ಒಂದು ಭಾಗದಷ್ಟು ಹೆಚ್ಚು ಬಂದರೆ ದೋಷ ಇಲ್ಲಿದೆಯೆಂದು ತಿಳಿಯಬೇಕು. ರಟ್ಟಿನಲ್ಲಿ ಸೂಜಿಯಿಂದ ಒಂದು ಮಿ.ಮೀ. ರಂಧ್ರ ಮಾಡಿ ಅದರ ಮೂಲಕ ನೋಡುವುದು ಒಂದು ಪರಿಹಾರ. ದೊಡ್ಡ ತಟ್ಟೆಯನ್ನು ದೂರದಲ್ಲಿ ಇಡುವುದು ಇನ್ನೊಂದು. ಅರ್ಕಿಮಿಡೀಸನು ಸೂರ್ಯನ ಕೋನವನ್ನು ಅಳೆಯುವಾಗ ಈ ತೊಡಕನ್ನು ಗಮನಿಸಿ, ಪಾಪೆಯ ಅಗಲಕ್ಕೂ ಲೆಕ್ಕದಲ್ಲಿ ಜಾಗ ಕೊಟ್ಟಿದ್ದನು.

ದಿಗಂತದ ಬಳಿ ಚಂದ್ರ ದೊಡ್ಡದಾಗಿ ಕಾಣುವುದು ಮನಸ್ಸಿನ ಭ್ರಮೆ. ತಟ್ಟೆಯ ಅಳತೆಗೆ ಅದು ತಟ್ಟದು. ಆದರೆ ವಾತಾವರಣದ ವಕ್ರೀಭವನದಿಂದ ದಿಗಂತಕ್ಕೆ ತಾಗಿದ ಬಿಂಬ ಮೇಲಿನಿಂದ ಕೆಳಕ್ಕೆ ಚಪ್ಪಟೆಯಾಗುತ್ತದೆ, ಅಡ್ಡಗಲ ಬದಲಾಗದು. ಆದ್ದರಿಂದ ಎಡ-ಬಲ ಅಂಚುಗಳನ್ನೇ ಗಮನಿಸಬೇಕು ಅಥವಾ ಚಂದ್ರ ತುಸು ಮೇಲೇರುವವರೆಗೆ ಕಾಯಬೇಕು.

ದೂರವೂ ಸ್ಥಿರವಲ್ಲ. ಚಂದ್ರನು ಭೂಮಿಗೆ ಸುಮಾರು 3,56,500 ಕಿ.ಮೀ.ವರೆಗೆ ಹತ್ತಿರ ಬರುವುದುಂಟು, 4,06,700 ಕಿ.ಮೀ.ವರೆಗೆ ದೂರ ಹೋಗುವುದುಂಟು. ಅತಿ ಹತ್ತಿರದ ರಾತ್ರಿ ಅಳೆದು ಸರಾಸರಿ ದೂರದಿಂದ ಗುಣಿಸಿದರೆ ವ್ಯಾಸ ಶೇಕಡಾ 8ರಷ್ಟು ಹೆಚ್ಚು ಬರುತ್ತದೆ. ಅಂದಿನ ದೂರವನ್ನೇ ಬಳಸುವುದು ಸರಿಯಾದ ಕ್ರಮ.

ಬೆಟ್ಟದ ಎತ್ತರ

ಬೆಟ್ಟಕ್ಕೂ ಇದೇ ನಿಯಮ. ಚಿಕ್ಕಮಗಳೂರು ಪಟ್ಟಣದಿಂದ ಮುಳ್ಳಯ್ಯನಗಿರಿಯ ಶಿಖರಕ್ಕೆ ನೇರ ದೂರ ಸುಮಾರು 10 ಕಿ.ಮೀ. ಶಿಖರದ ಎತ್ತರ ಸಮುದ್ರಮಟ್ಟದಿಂದ 1,930 ಮೀಟರ್, ಪಟ್ಟಣದ್ದು ಸುಮಾರು 1,090 ಮೀಟರ್. ವ್ಯತ್ಯಾಸ 840 ಮೀಟರ್ ಆಗಿರುವುದರಿಂದ, ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿ ನೆಟ್ಟಗೆ ಹಿಡಿದ ಅಳತೆಪಟ್ಟಿಯ ಮೇಲೆ ಶಿಖರವು ಕಣ್ಮಟ್ಟಕ್ಕಿಂತ ಸುಮಾರು 5 ಸೆಂ.ಮೀ. ಎತ್ತರದಲ್ಲಿ ಕಾಣಬೇಕು. ಹಿಂದುಮುಂದಾಗಿ ಲೆಕ್ಕಿಸಿದರೆ 5ನ್ನು 60ರಿಂದ ಭಾಗಿಸಿ 10,000 ಮೀಟರಿನಿಂದ ಗುಣಿಸಿದಾಗ 833 ಮೀಟರ್ ದೊರೆಯುತ್ತದೆ. ಪಟ್ಟಿಯನ್ನು ಓದುವಾಗ ಒಂದು ಮಿ.ಮೀ. ತಪ್ಪಿದರೆ ಉತ್ತರದಲ್ಲಿ ಸುಮಾರು 17 ಮೀಟರ್ ತಪ್ಪುತ್ತದೆ.

ಇಲ್ಲಿ ಅಳತೆ ಕೆಡುವುದು ಹೆಚ್ಚಾಗಿ ಬುಡದಲ್ಲಿ. ಬೆಟ್ಟದ ಬುಡವು ಮರಗಳ, ಹತ್ತಿರದ ಗುಡ್ಡಗಳ ಹಿಂದೆ ಮರೆಯಾಗಿರುವುದರಿಂದ ಕಾಣುವ ಅಂಚನ್ನೇ ಬುಡವೆಂದು ಹಿಡಿಯಬಾರದು. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಕಣ್ಮಟ್ಟವನ್ನು ಗುರುತಿಸಿ ಅಲ್ಲಿಂದ ಅಳೆಯಬೇಕು. ದೂರವು ನಕ್ಷೆಯ ನೇರ ದೂರವಾಗಿರಬೇಕು. ತಿರುವುಗಳ ಘಾಟಿ ರಸ್ತೆಯ ಕಿಲೋಮೀಟರುಗಳನ್ನು ಬಳಸಿದರೆ ಬೆಟ್ಟವು ಇಮ್ಮಡಿಯೇ ಆದೀತು. ಭೂಮಿಯ ದುಂಡುತನದಿಂದ 10 ಕಿ.ಮೀ. ದೂರದ ಶಿಖರ ಸುಮಾರು 8 ಮೀಟರ್ ತಗ್ಗಿ ಕಾಣುತ್ತದೆ. ಈ ತಗ್ಗು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ 50 ಕಿ.ಮೀ.ಗೆ ಅದು 200 ಮೀಟರಿಗೆ ಸಮೀಪಿಸುತ್ತದೆ, ವಕ್ರೀಭವನವು ಅದರಲ್ಲಿ ಒಂದಷ್ಟನ್ನು ಮಾತ್ರ ತುಂಬಿಕೊಡುತ್ತದೆ.